ಸ್ಟ್ರಾಬೆರಿಯ ಮೈಮೇಲಿನ ಹಣ್ಣುಗಳು

ಉಡುಪಿಯ ಪೇಟೆಗೆ ಸ್ಟ್ರಾಬೆರಿ ನೆಂಟನ ಹಾಗೆ ಬರುತ್ತದೆ. ಫೆಬ್ರವರಿಯಲ್ಲಿ ಸೆಕೆ ತಲೆಯೆತ್ತುವ ಹೊತ್ತಿಗೆ ಬಸ್ ನಿಲ್ದಾಣದ ಬಳಿಯ ತಳ್ಳುಗಾಡಿಗಳಲ್ಲಿ, ಚಿಕ್ಕು ಕಿತ್ತಳೆಗಳ ರಾಶಿಯ ನಡುವೆ, ಮಹಾಬಲೇಶ್ವರದ ಕಡೆಯಿಂದ ಬಂದ ಪ್ಲಾಸ್ಟಿಕ್ ಡಬ್ಬಿಗಳು ಮೆಲ್ಲನೆ ಕಾಣಿಸಿಕೊಳ್ಳುತ್ತವೆ. ಮೇಲಿನ ಸಾಲಿನಲ್ಲಿ ಮದುಮಗಳಂಥ ಹಣ್ಣುಗಳು. ಕೆಳಗಿನ ಸಾಲಿನಲ್ಲಿ ಫೋಟೋಕ್ಕೆ ನಿಲ್ಲದ ನೆಂಟರು. ಮೊನ್ನೆ ನಾನು ತಂದ ಡಬ್ಬಿಯ ಕೆಳಸಾಲಿನಲ್ಲಿಯೂ ಒಂದು ವಕ್ರ ಹಣ್ಣಿತ್ತು. ಒಂದು ಪಕ್ಕ ಉಬ್ಬಿ, ಇನ್ನೊಂದು ಪಕ್ಕ ಗಂಟು ಕಟ್ಟಿಕೊಂಡು, ಏಟು ಬಿದ್ದ ಮೂಗಿನಂತೆ ಕಾಣುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ತಂಗಿಯ ಮಗಳು ಕೇಳಿದಳು: “ಮಾವ, ಎಲ್ಲ ಹಣ್ಣಿಗೂ ಬೀಜ ಒಳಗಿರುತ್ತದೆ. ಇದು ಯಾಕೆ ಹೊರಗೆ ಅಂಟಿಸಿಕೊಂಡಿದೆ?”

ಆರನೇ ತರಗತಿಯವರ ಪ್ರಶ್ನೆಗೆ ಕೂಡಲೇ ಉತ್ತರ ಕೊಡಬಾರದು ಎಂಬುದು ನಾನು ಕಲಿತ ಬುದ್ಧಿ. ಅಮ್ಮ ಪತ್ರಿಕೆ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ತರಿಸಿದೆ. ಸೂಜಿಯಿಂದ ಒಂದು ಚುಕ್ಕೆಯನ್ನು ಎಬ್ಬಿಸಿ ಬಿಳಿ ಕಾಗದದ ಮೇಲಿಟ್ಟೆವು. ಎಳ್ಳಿಗಿಂತ ಸಣ್ಣದು, ಕಂದು ಬಣ್ಣ, ನೀರ ಹನಿಯ ಆಕಾರ. ಬದಿಯಿಂದ ಒಂದು ಒಣಗಿದ ಎಳೆ ಕೂದಲಿನಂತೆ ಹೊರಟಿತ್ತು. ಗುಟ್ಟು ಇರುವುದೇ ಆ ಕೂದಲಿನಲ್ಲಿ. ಅದು ಹೂವಿನ ಶಲಾಕೆಯ ಉಳಿಕೆ. ಪರಾಗದ ನಳಿಕೆ ಇಳಿದು ಬಂದ ದಾರಿ. ಶಲಾಕೆ ಇರುವುದು ಅಂಡಾಶಯಕ್ಕೆ, ಬೀಜಕ್ಕಲ್ಲ. ಅಂಡಾಶಯ ಬಲಿತರೆ ಅದನ್ನು ಸಸ್ಯಶಾಸ್ತ್ರ ಕರೆಯುವುದು ಹಣ್ಣು ಎಂದು. ಅಂದರೆ ನಾವು ಬೀಜ ಎಂದುಕೊಂಡ ಆ ಚುಕ್ಕೆಯೇ ಒಂದು ಪೂರ್ತಿ ಹಣ್ಣು. ಗಟ್ಟಿಯಾದ ಕಂದು ಹೊದಿಕೆ ಅದರ ಸಿಪ್ಪೆ. ನಿಜವಾದ ಬೀಜ ಅದರ ಒಳಗೆ ಒಂದೇ ಒಂದು, ಎಲ್ಲರ ಬೀಜದಂತೆ ಮರ್ಯಾದೆಯಾಗಿ ಕುಳಿತಿದೆ. ಇಂಥ ಒಣ ಹಣ್ಣಿಗೆ ಅಕೀನ್ ಎಂದು ಹೆಸರು.

ಸ್ಟ್ರಾಬೆರಿಯ ಹೂವನ್ನು ನೋಡಿದರೆ ಇದು ಇನ್ನೂ ಸಲೀಸಾಗಿ ತಿಳಿಯುತ್ತದೆ. ಐದು ಬಿಳಿ ಎಸಳು, ನಡುವೆ ಹಳದಿ ಗುಮ್ಮಟ. ಆ ಗುಮ್ಮಟದ ಮೇಲೆ ಇನ್ನೂರರಷ್ಟು ಪುಟ್ಟ ಅಂಡಾಶಯಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆ ಬೇರೆ ನಿಂತಿರುತ್ತವೆ. ಕಾಯಿ ಕಟ್ಟಿದ ಮೇಲೆ ಅವು ರಸ ತುಂಬಿಕೊಳ್ಳುವುದಿಲ್ಲ, ಒಣಗಿ ಗಟ್ಟಿಯಾಗುತ್ತವೆ. ಊದಿ ಕೆಂಪಾಗಿ ಸಿಹಿಯಾಗುವುದು ಕೆಳಗಿನ ಗುಮ್ಮಟ, ಅಂದರೆ ಹೂವಿನ ಪೀಠ. ನಾವು ಕಾಸು ಕೊಟ್ಟು ತಿನ್ನುವುದು ಪೀಠವನ್ನು. ಹಣ್ಣುಗಳು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಸಂಜೆಯವರೆಗೆ ಕಾಟ ಕೊಡುತ್ತವೆ.

“ಹಾಗಾದರೆ ಇದು ಬೆರಿಯೇ ಅಲ್ಲವೇ?” ಎಂದಳು ಹುಡುಗಿ.

ಅಲ್ಲ. ಸಸ್ಯಶಾಸ್ತ್ರದ ಬೆರಿಗೆ ಸಾಮಾನ್ಯವಾಗಿ ಒಂದು ಹೂವಿನ ಒಂದೇ ಅಂಡಾಶಯ ಬೇಕು. ಅದರ ಗೋಡೆ ತಿರುಳಾಗಬೇಕು. ನಡುವೆ ಮಾವಿನಂತೆ ಗೊರಟೆ ಇರಬಾರದು. ಹೀಗೆ ನೋಡಿದರೆ ದ್ರಾಕ್ಷಿ ಬೆರಿ, ಟೊಮೆಟೊ ಬೆರಿ, ಬಾಳೆಹಣ್ಣೂ ಬೆರಿ. ಅಷ್ಟು ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಹುಳಿಗೆಂದು ಮಟ್ಟು ಗುಳ್ಳವನ್ನು ಸೀಳುತ್ತಿದ್ದರು. ತೆಳು ಹಸಿರು ಸಿಪ್ಪೆ, ಒಳಗೆ ತಿರುಳು, ತಿರುಳಿನಲ್ಲಿ ಹುದುಗಿದ ನೂರಾರು ಬೀಜ. ಶಾಸ್ತ್ರದ ಲಕ್ಷಣಗಳೆಲ್ಲ ಅದರಲ್ಲಿವೆ. ಹೆಸರಿನಲ್ಲೇ ಬೆರಿ ಇರುವ ಹಣ್ಣು ಬೆರಿಯಲ್ಲ, ಹುಳಿಗೆ ಬೀಳುವ ಬದನೆ ಬೆರಿ. ಅಮ್ಮನಿಗೆ ಇದನ್ನು ಹೇಳಿದಾಗ ಅವರು ಗುಳ್ಳವನ್ನು ನೀರಿಗೆ ಹಾಕುತ್ತಾ, “ಇಷ್ಟೇಯೋ? ನಮ್ಮ ಗೇರುಹಣ್ಣಿನ ಕಥೆಯೂ ಹಾಗೆಯೇ ಅಲ್ಲವೋ ಮಾರಾಯ” ಎಂದರು.

ಹೌದು. ಗುಡ್ಡೆಯಲ್ಲಿ ಗೇರುಬೀಜ ಹೆಕ್ಕಿ ಬೆಳೆದವರಿಗೆ ಸ್ಟ್ರಾಬೆರಿ ಆಶ್ಚರ್ಯ ಹುಟ್ಟಿಸಬಾರದು. ಗೇರಿನಲ್ಲಿ ಮೊದಲು ಹೊರಬರುವುದು ಹಸಿರು ಬೀಜ; ಅದು ಬಲಿಯುತ್ತಾ ಬಂದ ಮೇಲೆ ಅದರ ತೊಟ್ಟು ಊದಿಕೊಂಡು ಕೆಂಪೋ ಹಳದಿಯೋ ಆಗಿ ರಸ ಸುರಿಸುತ್ತದೆ. ನಾವು ನಿಜವಾದ ಹಣ್ಣನ್ನು ‘ಗೇರುಬೀಜ’ ಎಂದೆವು, ಊದಿದ ತೊಟ್ಟನ್ನು ‘ಗೇರುಹಣ್ಣು’ ಎಂದೆವು. ಸ್ಟ್ರಾಬೆರಿಗೆ ಹೆಸರಿಟ್ಟವರು ಮಾಡಿದ್ದನ್ನೇ ನಾವೂ ಮಾಡಿದ್ದೇವೆ. ಒಂದೇ ವ್ಯತ್ಯಾಸ: ಗೇರಿನ ತೊಟ್ಟಿಗೆ ಒಂದೇ ಮಗು, ಸ್ಟ್ರಾಬೆರಿಯ ಪೀಠಕ್ಕೆ ಇನ್ನೂರು. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಹಣ್ಣು ಎಂಬ ಮಾತು ನಾಲಗೆಯಲ್ಲಿ ಹುಟ್ಟಿದ್ದು, ಸೂಕ್ಷ್ಮದರ್ಶಕದಲ್ಲಲ್ಲ.

ಆದರೆ ಆ ವಕ್ರ ಹಣ್ಣಿನ ವಿಚಾರ ಉಳಿದಿತ್ತು. ಭೂತಗನ್ನಡಿಯಲ್ಲಿ ನೋಡಿದೆವು. ಉಬ್ಬಿದ ಪಕ್ಕದಲ್ಲಿ ಚುಕ್ಕೆಗಳು ದಪ್ಪವಾಗಿ, ದೂರ ದೂರ, ಒಂದೊಂದೂ ತನ್ನದೇ ಕುಳಿಯಲ್ಲಿ ಕುಳಿತಿದ್ದವು. ಗಂಟು ಕಟ್ಟಿದ ಪಕ್ಕದಲ್ಲಿ ಅವೇ ಚುಕ್ಕೆಗಳು ಸೊರಗಿ, ಒಂದರ ಮೇಲೊಂದು ಬಿದ್ದಂತೆ ಒತ್ತೊತ್ತಾಗಿದ್ದವು. ಅಲ್ಲಿ ಚುಕ್ಕೆ ಹೆಚ್ಚಿದ್ದವು ಎಂದಲ್ಲ. ಅವುಗಳ ನಡುವಿನ ತಿರುಳು ಬೆಳೆದಿರಲಿಲ್ಲ. ಹೀಗಾಗುವುದಕ್ಕೆ ಸಾಮಾನ್ಯ ಕಾರಣ, ಜೇನ್ನೊಣ ಹೂವಿನ ಆ ಪಕ್ಕವನ್ನು ಸರಿಯಾಗಿ ಮುಟ್ಟದೆ ಹೋಗಿರುವುದು. ಪರಾಗ ಸಿಗದ ಅಂಡಾಶಯ ಕಾಳು ಕಟ್ಟುವುದಿಲ್ಲ. ಕಾಳು ಕಟ್ಟದಿದ್ದರೆ ಅದರ ಕೆಳಗಿನ ಪೀಠವೂ ಊದುವುದಿಲ್ಲ. ಹೂವಿಗೆ ಚಳಿ ಹೊಡೆದರೂ, ಕೀಟ ಕಚ್ಚಿದರೂ ಹೀಗೆಯೇ ಆಗಬಹುದು, ಆದ್ದರಿಂದ ಎಲ್ಲ ಆರೋಪವನ್ನೂ ನೊಣದ ಮೇಲೆ ಹೊರಿಸುವುದು ನ್ಯಾಯವಲ್ಲ.

ಚುಕ್ಕೆಗೂ ತಿರುಳಿಗೂ ಇರುವ ಈ ನಂಟನ್ನು ಕೈಯಿಂದಲೇ ಮಾಡಿ ತೋರಿಸಿದವರು ಜೆ.ಪಿ. ನಿಚ್ ಎಂಬ ಸಸ್ಯವಿಜ್ಞಾನಿ, 1950ರಲ್ಲಿ. ಎಳೆಯ ಸ್ಟ್ರಾಬೆರಿಯ ಮೈಯಿಂದ ಅವರು ಅಕೀನ್‌ಗಳನ್ನೆಲ್ಲ ಕಿತ್ತುಹಾಕಿದರು. ಬೆಳವಣಿಗೆ ಅಲ್ಲಿಗೇ ನಿಂತಿತು. ಕೆಲವನ್ನು ಮಾತ್ರ ಉಳಿಸಿದರೆ ಅವುಗಳ ಸುತ್ತ ಮಾತ್ರ ತಿರುಳು ಉಬ್ಬಿತು. ಕೊನೆಗೆ, ಎಲ್ಲವನ್ನೂ ಕಿತ್ತ ಹಣ್ಣಿಗೆ ಆಕ್ಸಿನ್ ಬಗೆಯ ಕೃತಕ ರಾಸಾಯನಿಕವನ್ನು ಲೇಪದಲ್ಲಿ ಬೆರೆಸಿ ಹಚ್ಚಿದರು. ಚುಕ್ಕೆಯೇ ಇಲ್ಲದ ಆ ಪೀಠ ಮತ್ತೆ ಬೆಳೆಯಿತು. ಆಕ್ಸಿನ್ ಎಂದರೆ ಗಿಡ ತಾನೇ ತಯಾರಿಸಿಕೊಳ್ಳುವ ಬೆಳವಣಿಗೆಯ ಹಾರ್ಮೋನು. ಸ್ಟ್ರಾಬೆರಿಯಲ್ಲಿ ಅದನ್ನು ಕೆಳಗಿನ ಪೀಠಕ್ಕೆ ಕಳುಹಿಸುವುದು ಈ ಚುಕ್ಕೆಗಳೇ. ಇನ್ನೂರು ಸಣ್ಣ ಹಣ್ಣುಗಳು ತಮ್ಮ ತಮ್ಮ ಕೆಳಗಿನ ಅಷ್ಟಗಲ ಜಾಗವನ್ನು ಬೆಳೆಸುತ್ತವೆ. ಎಲ್ಲ ಸೇರಿದರೆ ದುಂಡು ಸ್ಟ್ರಾಬೆರಿ, ಕೆಲವು ರಜೆ ಹಾಕಿದರೆ ಏಟು ಬಿದ್ದ ಮೂಗು.

ಅಮ್ಮ ಸೂಜಿಯ ತುದಿಯ ಚುಕ್ಕೆಯನ್ನು ತುಳಸಿಕಟ್ಟೆಯ ಬದಿಯ ಕುಂಡದಲ್ಲಿ ಊರಲೇ ಎಂದು ಕೇಳಿದರು. ಊರಬಹುದು, ಮೊಳೆಯಲೂಬಹುದು. ಆದರೆ ಪೇಟೆಯ ಸ್ಟ್ರಾಬೆರಿ ಎರಡು ಅಮೆರಿಕಗಳ ಎರಡು ಜಾತಿಗಳು ಯುರೋಪಿನ ತೋಟದಲ್ಲಿ ಕೂಡಿ ಹುಟ್ಟಿದ ಮಿಶ್ರತಳಿ. ಬೀಜದಿಂದ ಬಂದ ಗಿಡ ತಾಯಿಯ ಹಾಗೆಯೇ ಇರುತ್ತದೆ ಎಂದು ನಂಬುವಂತಿಲ್ಲ. ಬೆಳೆಗಾರರು ಅದಕ್ಕೇ ನೆಲದ ಮೇಲೆ ಹಬ್ಬುವ ಬಳ್ಳಿಯ ಸಸಿಗಳನ್ನು ನೆಡುತ್ತಾರೆ. ಉಡುಪಿಯ ಏಪ್ರಿಲ್ ಅದಕ್ಕೆ ಸಹಿಸದು ಎಂಬುದು ಬೇರೆ ಮಾತು. ಅಮ್ಮ ಊರಿಯೇ ಬಿಟ್ಟರು.

ಈ ವಿಚಾರಣೆಯೆಲ್ಲ ಮುಗಿಯುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. ವಕ್ರ ಹಣ್ಣೂ ಇರಲಿಲ್ಲ.

“ಎಷ್ಟು ತಿಂದೆ?” ಎಂದು ಅಮ್ಮ ಕೇಳಿದರು.

ಹುಡುಗಿ ಬೆರಳು ಮಡಚಿ, ಬಾಯಲ್ಲೇ ಗುಣಿಸಿ ಹೇಳಿದಳು: “ಹನ್ನೊಂದು ಪೀಠ, ಎರಡು ಸಾವಿರದ ಇನ್ನೂರು ಹಣ್ಣು ಅಜ್ಜಿ.”

“ಹಾಗಾದರೆ ಗುಳ್ಳದ ಹುಳಿಗೆ ನಿನ್ನ ಹೊಟ್ಟೆಯಲ್ಲಿ ಜಾಗವಿಲ್ಲ” ಎಂದು ಅಮ್ಮ ಒಳಗೆ ಹೋದರು.