ಪರೀಕ್ಷೆಯ ಭಾಷಣ ಜುಲೈನಲ್ಲೇ ಆಗಬೇಕು

ಹತ್ತನೇ ತರಗತಿಯವರಿಗೆ ಪರೀಕ್ಷೆಯ ಭಯದ ಬಗ್ಗೆ ಪ್ರಾರ್ಥನೆ ಹೊತ್ತಲ್ಲಿ ನಾಲ್ಕು ಮಾತು ಹೇಳಿ ಮೇಡಂ ಅಂತ ನಮ್ಮ ಹೆಡ್‌ಮಾಸ್ಟರ್ ಕೇಳಿದರು. ಪ್ರತಿ ವರ್ಷದಂತೆ ಫೆಬ್ರವರಿಗೆ ಇಟ್ಟುಕೊಂಡಿದ್ದರು. ಜುಲೈನಲ್ಲೇ ಮಾತಾಡ್ತೀನಿ ಸಾರ್ ಅಂದೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ, ಬೇರೆ ಶಾಲೆಯ ಮೇಷ್ಟ್ರುಗಳೂ ಅಪ್ಪ-ಅಮ್ಮಂದಿರೂ ಓದಲಿ ಅಂತ.

ಕೆಲವು ವರ್ಷದ ಹಿಂದೆ ನನ್ನ ಗಣಿತದ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೋಮ್‌ವರ್ಕ್ ಒಂದು ದಿನವೂ ತಪ್ಪಿಸಿದವಳಲ್ಲ. ಲೆಕ್ಕವೆಲ್ಲ ಸರಿಯಾಗಿರುತ್ತಿತ್ತು, ಅಕ್ಷರ ಮುತ್ತಿನಂತೆ. ಆದರೆ ಕಿರುಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ. ಜನವರಿ ಹೊತ್ತಿಗೆ ಗಣಿತದ ಪರೀಕ್ಷೆ ಇದ್ದ ದಿನ ಬೆಳಿಗ್ಗೆ ವಾಂತಿ, ತಲೆನೋವು, ಶಾಲೆಗೆ ಬರುತ್ತಿರಲಿಲ್ಲ. 'ರಾತ್ರಿ ಒಂದೂವರೆವರೆಗೂ ಪುಸ್ತಕ ಹಿಡ್ಕೊಂಡೇ ಕೂತಿರ್ತಾಳೆ ಮೇಡಂ' ಅಂತ ಅವರಮ್ಮ ಹೇಳಿದಾಗಲೇ ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು. ಅದಕ್ಕೂ ಮೊದಲು ಕೂರಿಸಿಕೊಳ್ಳದೇ ಇದ್ದದ್ದು ನನ್ನ ತಪ್ಪು.

x² − 5x + 6 = 0 ಕೊಟ್ಟೆ. ಗುಣಿಸಿದರೆ 6, ಕೂಡಿದರೆ −5 ಬರುವ ಎರಡು ಸಂಖ್ಯೆ ಬೇಕು. −2 ಮತ್ತು −3 ಅಂತ ಬರೆದಳು, ಸರಿಯಾಗಿಯೇ. ಆಮೇಲೆ ಕೂಡಿ ನೋಡಿ +5 ಅಂತ ಬರೆದು, 'ಇದು ಆಗಲ್ಲ' ಅಂತ ತಾನೇ ಹೊಡೆದುಹಾಕಿದಳು. ಯಾಕಮ್ಮ ಅಂದರೆ, 'ಮೈನಸ್ಸು ಮೈನಸ್ಸು ಪ್ಲಸ್ಸಲ್ವಾ ಮೇಡಂ?' ಗುಣಾಕಾರದ ನಿಯಮವನ್ನು ಅವಳು ಸಂಕಲನಕ್ಕೂ ಹಾಕುತ್ತಿದ್ದಳು. ಏಳನೇ ತರಗತಿಯಿಂದ ಹಾಗೇ ಉಳಿದಿದ್ದ ತಪ್ಪು. ಅಷ್ಟು ವರ್ಷ ಗೆಳತಿಯ ನೋಟ್ಸ್ ನೋಡಿ ಬರೆದು ದಾಟಿಸಿದ್ದಳು. ಐದು ರೂಪಾಯಿ ಸಾಲ, ಹತ್ತು ರೂಪಾಯಿ ಸಾಲ ಅಂತ ಸಾಲ ಕೂಡಿಸಿ ಕೂಡಿಸಿ ನಾಲ್ಕು ಸಂಜೆಯಲ್ಲಿ ಸರಿಮಾಡಿದೆವು. ಆದರೆ ಅಷ್ಟರಲ್ಲಿ ಸಮಾಂತರ ಶ್ರೇಢಿ, ನಿರ್ದೇಶಾಂಕ ರೇಖಾಗಣಿತ ಎಲ್ಲದರಲ್ಲೂ ಅದೇ ತಪ್ಪು ಹರಡಿತ್ತು. ಜುಲೈನಲ್ಲಾಗಿದ್ದರೆ ಆ ನಾಲ್ಕು ಸಂಜೆಯೇ ಸಾಕಾಗಿತ್ತು.

ಆದ್ದರಿಂದ ಮೈದಾನದಲ್ಲಿ ನಿಂತು ನಾನು ಮಕ್ಕಳಿಗೆ 'ಹೆದರಬೇಡಿ' ಅನ್ನಲಿಲ್ಲ. ಕೇಳುವುದು ಹೇಗೆ ಅಂತ ಹೇಳಿಕೊಟ್ಟೆ. 'ಗಣಿತ ಅರ್ಥ ಆಗಲ್ಲ' ಅಂದರೆ ಯಾವ ಮೇಷ್ಟ್ರಿಗೂ ಎಲ್ಲಿಂದ ಶುರುಮಾಡಬೇಕೋ ತಿಳಿಯುವುದಿಲ್ಲ. ಲೆಕ್ಕವನ್ನು ನಿಮಗೆ ಬಂದಷ್ಟು ಮಾಡಿ, ನಿಂತ ಸಾಲಿನ ಕೆಳಗೆ ಪೆನ್ಸಿಲ್ಲಲ್ಲಿ ಗೆರೆ ಎಳೆದು, 'ಇಲ್ಲಿಂದ ಮುಂದೆ ಗೊತ್ತಾಗಲಿಲ್ಲ' ಅಂತ ತನ್ನಿ. ಎಲ್ಲರೆದುರು ಕೇಳಲು ನಾಚಿಕೆಯಾದರೆ ಗೆರೆ ಎಳೆದ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ಹೋಗಿ. ಒಂದೇ ಜಾಗದಲ್ಲಿ ಎರಡು ಸಲ ನಿಂತರೆ ಮೂರನೇ ಸಲಕ್ಕೆ ಕಾಯಬೇಡಿ.

ಇನ್ನೊಂದು ಮಾತನ್ನು ನಿಧಾನವಾಗಿ, ಎರಡು ಸಲ ಹೇಳಿದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಅಂಗೈ ಬೆವರುವುದು ಎಲ್ಲರಿಗೂ ಆಗುತ್ತದೆ. ಆದರೆ ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಇಷ್ಟವಾಗಿದ್ದ ಆಟವೂ ಬೇಡ ಅನ್ನಿಸುತ್ತಿದ್ದರೆ ಅದಕ್ಕೆ ಟೈಮ್‌ಟೇಬಲ್ ಬದಲಿಸುವುದು ಮದ್ದಲ್ಲ. ಮನೆಯಲ್ಲಿ ಹೇಳಿ, ನಮಗೆ ಹೇಳಿ. ಹೇಳಲು ಆಗದಿದ್ದರೆ ಟೆಲಿ ಮಾನಸ್ ಅನ್ನುವ ಸಹಾಯವಾಣಿ ಇದೆ, 14416. ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. 'ನಾನು ಇರಬಾರದಿತ್ತು' ಅನ್ನಿಸಿದರೆ ಎರಡು ವಾರದ ಲೆಕ್ಕವಿಲ್ಲ, ಅವತ್ತೇ ಹೇಳಬೇಕು. ಆ ಮಾತನ್ನು ಗೆಳೆಯ ನಿಮ್ಮ ಹತ್ತಿರ ಹೇಳಿ 'ಯಾರಿಗೂ ಹೇಳ್ಬೇಡ' ಅಂತ ಆಣೆ ಹಾಕಿಸಿಕೊಂಡಿದ್ದರೆ ಆ ಆಣೆ ಮುರಿಯಿರಿ. ಅವನನ್ನು ಒಂಟಿಯಾಗಿ ಬಿಡದೆ ದೊಡ್ಡವರೊಬ್ಬರನ್ನು ಕರೆತನ್ನಿ. ಅವನು ಸಿಟ್ಟಾಗಬಹುದು, ಆಗಲಿ.

ಅಪ್ಪ-ಅಮ್ಮಂದಿರೇ, 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿದೆ. ಆ ಹುಡುಗಿಯ ಮನೆಯವರಿಗೆ ನಾನು ಮೊದಲು ಹೇಳಿದ್ದೂ ಅದನ್ನೇ. ಪರೀಕ್ಷೆ-1ರಲ್ಲಿ ಗಣಿತ ಹೋಯಿತು, ಪರೀಕ್ಷೆ-2ರಲ್ಲಿ ಪಾಸಾದಳು. ಮಗು 'ನಂಗೆ ಬರಲ್ಲ' ಅಂದಾಗ 'ಇಷ್ಟು ದಿನ ಏನ್ ಮಾಡ್ತಿದ್ದೆ?' ಅನ್ನಬೇಡಿ. ಆ ಒಂದು ಪ್ರಶ್ನೆ ಕೇಳಿದ ಮಗು ಮತ್ತೆ ಬಾಯಿ ಬಿಡುವುದಿಲ್ಲ. 'ಎಲ್ಲಿ ನಿಂತೆ, ತೋರ್ಸು' ಅನ್ನಿ.

ಮೈದಾನದಲ್ಲಿ ಹೇಳಿದ ಸಂಖ್ಯೆ ತರಗತಿಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ಹಾಗಾಗಿ 14416 ಅನ್ನು ಪ್ರತಿ ಕೊಠಡಿಯ ಬೋರ್ಡಿನ ಮೂಲೆಯಲ್ಲಿ ಪೇಂಟಿನಲ್ಲಿ ಬರೆಸಿದ್ದೇವೆ, ಒರೆಸಿದರೂ ಹೋಗದ ಹಾಗೆ. ನನ್ನ ಮೇಜಿನ ಮೇಲೆ ಮೊದಲ ವಾರ ಮೂರು ನೋಟ್‌ಬುಕ್ ಇದ್ದವು. ಈಗ ಹನ್ನೊಂದಿವೆ.