ಫೋನಿನ ಬೆನ್ನಿಗೆ ಬಡಿದು ನೋಡುವ ಚಟ

ಯಾರಾದರೂ ಹೊಸ ಫೋನ್ ಕೈಗೆ ಕೊಟ್ಟರೆ ನಾನು ಮೊದಲು ಅದನ್ನು ತಿರುಗಿಸಿ ಬೆನ್ನಿಗೆ ಉಗುರಿನಿಂದ ಬಡಿದು ನೋಡುತ್ತೇನೆ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡ್ತೀವಲ್ಲ, ಹಾಗೆ. ಗಾಜಾದರೆ ಟಿಕ್ ಅಂತ ಬಿಗಿಯಾದ ಸದ್ದು, ಪ್ಲಾಸ್ಟಿಕ್ಕಾದರೆ ಟೊಪ್ ಅಂತ ಪೊಳ್ಳು ಸದ್ದು. ಅನುಮಾನ ಉಳಿದರೆ ಕೆನ್ನೆಗೆ ಒತ್ತಿ ನೋಡುತ್ತೇನೆ. ಗಾಜು, ಅಲ್ಯೂಮಿನಿಯಂ ಎರಡೂ ತಣ್ಣಗೆ ತಾಗುತ್ತವೆ, ಪ್ಲಾಸ್ಟಿಕ್ ತಾಗಲ್ಲ. ಕಂಡವರ ಫೋನನ್ನು ಕೆನ್ನೆಗೆ ಒತ್ತಿಕೊಳ್ಳಬೇಡಿ ಅಂತ ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ.

ಈ ಚಟ ಹತ್ತಿದ್ದು ನನ್ನ ಫೋನಿನ ಬೆನ್ನು ಒಡೆದ ಮೇಲೆ. ಗಾಜಿನ ಬೆನ್ನು, ಅಲ್ಯೂಮಿನಿಯಂ ಫ್ರೇಮ್. ಮೆಟ್ಟಿಲಿನಿಂದ ಒಮ್ಮೆ, ಬೈಕಿನಿಂದ ಒಮ್ಮೆ ಬಿದ್ದಾಗ ಏನೂ ಆಗಿರಲಿಲ್ಲ, ಅದರ ಜಂಬ ಬೇರೆ ಇತ್ತು. ಆಮೇಲೆ ಒಂದು ದಿನ ಸೋಫಾದಿಂದ, ಅಂದರೆ ಮೊಣಕಾಲಿಗಿಂತ ಕಡಿಮೆ ಎತ್ತರದಿಂದ, ನೆಲಕ್ಕೆ ಜಾರಿತು ನೋಡಿ, ಮೂಲೆಯಿಂದ ಶುರುವಾದ ಬಿರುಕು ಜೇಡರ ಬಲೆಯ ಹಾಗೆ ಕ್ಯಾಮೆರಾ ತನಕ ಹರಡಿಬಿಟ್ಟಿತು. ಎಸ್‌ಪಿ ರೋಡಿನ ರಿಪೇರಿ ಹುಡುಗ ಅದನ್ನು ಲೈಟಿಗೆ ಹಿಡಿದು, "ಸಾರ್, ಕೀ ಜೊತೆ ಜೇಬಲ್ಲಿ ಇಡ್ತೀರಾ?" ಅಂತ ಕೇಳಿದ. ಇಡ್ತೀನಿ ಅಂದೆ. "ಜೇಬಲ್ಲಿ ಮರಳೂ ಇರುತ್ತೆ ಸಾರ್" ಅಂದ.

ಆಮೇಲೆ ಯೋಚಿಸಿದರೆ ಅವನು ಹೇಳಿದ್ದು ಸರಿ. ಫೋನಿನ ಗಾಜನ್ನು ಸುಮಾರು 400 ಡಿಗ್ರಿ ಬಿಸಿಯಲ್ಲಿ ಕರಗಿದ ಪೊಟ್ಯಾಶಿಯಂ ಉಪ್ಪಿನಲ್ಲಿ ಮುಳುಗಿಸಿ ಇಡುತ್ತಾರೆ. ಗಾಜಿನ ಮೇಲ್ಮೈಯಲ್ಲಿರುವ ಸಣ್ಣ ಸೋಡಿಯಂ ಹೊರಗೆ ಹೋಗಿ, ಆ ಜಾಗಕ್ಕೆ ದಪ್ಪನೆಯ ಪೊಟ್ಯಾಶಿಯಂ ಬಂದು ಕೂರುತ್ತದೆ. ಇಬ್ಬರು ಕೂರುವ ಬಸ್ ಸೀಟಲ್ಲಿ ಮೂರನೆಯವರು ತೂರಿಕೊಂಡ ಹಾಗೆ. ಎಲ್ಲ ಒತ್ತರಿಸಿಕೊಂಡಿರುವುದರಿಂದ ಬಿರುಕು ಬಾಯಿ ಬಿಡುವುದಕ್ಕೆ ಜಾಗ ಸಿಗಲ್ಲ. ಆದರೆ ಈ ಬಿಗಿ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಮರಳಿನ ಕಣ ಗಾಜಿಗಿಂತ ಗಟ್ಟಿ, ಹಾಗಾಗಿ ಅದು ದಿನಾ ಒಂದೊಂದು ಕೂದಲೆಳೆ ಗೀರು ಹಾಕುತ್ತಾ ಹೋಗುತ್ತದೆ. ಅದರಲ್ಲಿ ಒಂದು ಗೀರು ಆಳಕ್ಕಿಳಿದಿದ್ದರೆ ಸಾಕು, ಆಮೇಲೆ ಒಡೆಯೋಕೆ ಸೋಫಾದ ಎತ್ತರವೂ ಜಾಸ್ತಿಯೇ.

ಹುಡುಗ ಹೊಸ ಬೆನ್ನು ಹಾಕುವ ಮೊದಲು ಇನ್ನೊಂದು ತೋರಿಸಿದ. ಫ್ರೇಮಿನ ಮೂಲೆ ಒಳಕ್ಕೆ ತಗ್ಗಾಗಿತ್ತು, ಬೆರಳು ಆಡಿಸಿದರೆ ಮಾತ್ರ ಗೊತ್ತಾಗುವಷ್ಟು. ಅಲ್ಯೂಮಿನಿಯಂ ಒಡೆಯಲ್ಲ, ಬಾಗುತ್ತದೆ, ಬಾಗಿದ್ದು ಹಾಗೇ ಉಳಿಯುತ್ತದೆ. ಹಾಗೆ ಒಳಕ್ಕೆ ತಳ್ಳಿಕೊಂಡ ಮೂಲೆ ಗಾಜಿನ ಅಂಚನ್ನು ಒತ್ತಿಕೊಂಡಿದ್ದರೆ ಹೊಸ ಗಾಜು ಸರಿಯಾಗಿ ಕೂರುವುದಿಲ್ಲ, ಕೂರಿಸಿದರೂ ಇನ್ನೊಂದು ಸಣ್ಣ ಪೆಟ್ಟಿಗೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಅವನು ಸಣ್ಣ ಅರದಿಂದ ಆ ಮೂಲೆಯನ್ನು ಉಜ್ಜಿ ಸಮ ಮಾಡಿ ಆಮೇಲೆ ಅಂಟು ಹಚ್ಚಿದ. ಪ್ಲಾಸ್ಟಿಕ್ ಫ್ರೇಮಾದರೆ ಪೆಟ್ಟು ಬಿದ್ದಾಗ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಬಳ್ಳಿ ಬಳ್ಳಿ ಗೀರು ಬೀಳುತ್ತದೆ, ನೋಡೋಕೆ ಬೇಗ ಹಳತಾಗುತ್ತದೆ, ಆದರೆ ಬಿಲ್ ಬರಲ್ಲ.

ಹಾಗಾದರೆ ಈ ಗಾಜಿನ ಉಸಾಬರಿ ಯಾಕೆ? ಅಂದಕ್ಕೆ ಅಂತ ಒಂದು ಉತ್ತರ. ಇನ್ನೊಂದು, ವೈರ್ ಇಲ್ಲದ ಚಾರ್ಜಿಂಗ್. ಅದು ಲೋಹದ ಬೆನ್ನಿನ ಮೂಲಕ ಆಗುವುದಿಲ್ಲ. 2016ರ ಐಫೋನ್ 7ರದು ಅಲ್ಯೂಮಿನಿಯಂ ಬೆನ್ನು, ತೂಕ 138 ಗ್ರಾಂ. ಮರುವರ್ಷ ಹೆಚ್ಚುಕಡಿಮೆ ಅದೇ ಅಳತೆಯ ಐಫೋನ್ 8 ಗಾಜಿನ ಬೆನ್ನು ಹೊತ್ತುಕೊಂಡು ವೈರ್‌ಲೆಸ್ ಚಾರ್ಜಿಂಗ್ ಜೊತೆ ಬಂತು, ತೂಕ 148 ಗ್ರಾಂ. ತೂಕ ಅಂದ ತಕ್ಷಣ ಪ್ಲಾಸ್ಟಿಕ್ ಬೆನ್ನಾದರೆ ಫೋನ್ ಹೂವಿನ ಹಾಗೆ ಹಗುರ ಅಂತಲೂ ಅಂದುಕೊಳ್ಳಬೇಡಿ. 15 ಸೆಂಟಿಮೀಟರ್ ಉದ್ದ, 7 ಅಗಲದ ಬೆನ್ನು ತಗೊಳ್ಳಿ. ಗಾಜು 0.6 ಮಿಲಿಮೀಟರ್ ದಪ್ಪ ಇದ್ದರೆ ಸುಮಾರು 15 ಗ್ರಾಂ. ಪ್ಲಾಸ್ಟಿಕ್ಕಿಗೆ ಅಷ್ಟು ತೆಳು ಸಾಲದು, 0.8 ಅಂತ ಇಟ್ಟುಕೊಂಡರೆ ಸುಮಾರು 10 ಗ್ರಾಂ. ಉಳಿತಾಯ ಐದು ಗ್ರಾಂ, ಐದು ರೂಪಾಯಿ ನಾಣ್ಯಕ್ಕಿಂತ ಕಡಿಮೆ. ಅದರ ಮೇಲೆ ನಾವು ಮೂವತ್ತು ಗ್ರಾಂ ರಬ್ಬರ್ ಪೌಚ್ ಹಾಕ್ತೀವಿ.

ಇನ್ನು ಸಿಗ್ನಲ್. ಇಲ್ಲಿ ನನ್ನ ಸೋದರಮಾವ ಬರುತ್ತಾರೆ. ಕೊಪ್ಪದ ಹತ್ತಿರ ಅವರ ಮನೆ, ಸುತ್ತ ಅಡಿಕೆ ತೋಟ, ಎರಡು ಕಡ್ಡಿ ಸಿಗ್ನಲ್ ಬಂದರೆ ಹಬ್ಬ. ಅಂಗಳದಲ್ಲಿ ನಿಂತು ನಾನು "ಹಲೋ ಹಲೋ" ಅಂತ ಒದ್ದಾಡುತ್ತಿದ್ದರೆ ಮಾವ ತಮ್ಮ ಅಗ್ಗದ ಪ್ಲಾಸ್ಟಿಕ್ ಫೋನಿನಲ್ಲಿ ಜಗಲಿಯ ಮೇಲೆ ಕೂತು ಆರಾಮಾಗಿ ಅಡಿಕೆ ರೇಟು ವಿಚಾರಿಸುತ್ತಿದ್ದರು. "ನಿಂದು ತಗಡಿನ ಡಬ್ಬಿ ಮಾರಾಯ, ಅದರೊಳಗೆ ಟವರ್ ಹೋಗುದು ಹ್ಯಾಂಗೆ?" ಅಂದರು.

ಪ್ರಶ್ನೆ ಒಳ್ಳೆಯದೇ. ಪೂರ್ತಿ ಲೋಹದಲ್ಲಿ ಮುಚ್ಚಿದರೆ ಸಿಗ್ನಲ್ ನಿಜಕ್ಕೂ ಸಾಯುತ್ತದೆ. ಅದಕ್ಕೇ ಲೋಹದ ಫ್ರೇಮನ್ನು ಅಲ್ಲಲ್ಲಿ ಕತ್ತರಿಸಿ, ನಡುವೆ ಒಂದೆರಡು ಮಿಲಿಮೀಟರ್ ಪ್ಲಾಸ್ಟಿಕ್ ತುಂಬುತ್ತಾರೆ. ಫೋನಿನ ಅಂಚಿನಲ್ಲಿ ಸಣ್ಣ ಗೆರೆಗಳು ಕಾಣುತ್ತವಲ್ಲ, ಅವೇ. ಗೆರೆಯಿಂದ ಗೆರೆಗೆ ಇರುವ ಲೋಹದ ತುಂಡೇ ಅಂಟೆನಾ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, ಅದರ ಕಾಲು ಭಾಗ ಎಂಟು ಚಿಲ್ಲರೆ, ಅಂದರೆ ಫೋನಿನ ಅಗಲಕ್ಕೆ ಹತ್ತಿರ. ಹಾಗಾಗಿ ತುಂಡಿನ ಅಳತೆ ಸುಮ್ನೆ ಇಟ್ಟದ್ದಲ್ಲ. ಎರಡು ತುಂಡನ್ನು ಬೆವರಿದ ಬೆರಳಿನಿಂದ ಸೇರಿಸಿದರೆ ಆ ಅಳತೆ ಕೆಡುತ್ತದೆ. 2010ರಲ್ಲಿ ಐಫೋನ್ 4ಕ್ಕೆ ಆಗಿದ್ದು ಇದೇ. ಸ್ಟೀಲ್ ಪಟ್ಟಿಯ ಎಡಬದಿಯ ಕೆಳಗಿನ ಗೆರೆ ಅಂಗೈಗೆ ತಾಗುವ ಜಾಗದಲ್ಲೇ ಇತ್ತು. ಗಲಾಟೆಯಾಗಿ ಕೊನೆಗೆ ಕಂಪನಿ ಬಿಟ್ಟಿಯಾಗಿ ಕವರ್ ಹಂಚಿತು. ಆಮೇಲೆ ಗೆರೆಗಳ ಜಾಗ ಬದಲಾಯಿತು, ಒಂದು ಅಂಟೆನಾ ಮಂಕಾದರೆ ಇನ್ನೊಂದಕ್ಕೆ ದಾಟುವ ಏರ್ಪಾಡೂ ಬಂತು.

ಮಾವನಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ ಅಂತ ಅಳೆದೇ ತೋರಿಸಲು ಹೊರಟೆ. ಕಡ್ಡಿ ನಂಬಬಾರದು, ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ನನ್ನ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ About phone ಒಳಗೆ SIM status ಅಂತ ಇದೆ, ಅಲ್ಲಿ ಸಿಗ್ನಲ್ಲಿನ ಶಕ್ತಿ ಎಷ್ಟು ಅಂತ dBm ಲೆಕ್ಕದ ಸಂಖ್ಯೆ ಸಿಗುತ್ತದೆ. ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ನನ್ನ ಫೋನ್ ಜಗಲಿ ಕಟ್ಟೆಯ ಮೇಲೆ −104 ತೋರಿಸಿತು. ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದರೆ −112. ಎಂಟು ಅಂದರೆ ಕಡಿಮೆ ಅಂತ ಕಾಣುತ್ತದೆ, ಆದರೆ ಸಿಕ್ಕುವ ಶಕ್ತಿ ಆರನೇ ಒಂದಕ್ಕೆ ಇಳಿದ ಹಾಗೆ. ಮಾವನದ್ದು ಕಟ್ಟೆಯ ಮೇಲೆ −91, ಮುಚ್ಚಿ ಹಿಡಿದರೆ −98. ಪ್ಲಾಸ್ಟಿಕ್ಕಾದರೂ ಏಳು ಇಳಿಯಿತು, ಯಾಕಂದರೆ ನೀರು ತುಂಬಿದ ನಮ್ಮ ಕೈಯೇ ಅಲೆಯನ್ನು ಕುಡಿಯುತ್ತದೆ.

ಆದರೂ −91 ಎಲ್ಲಿ, −104 ಎಲ್ಲಿ? ಮಾವ ಮೀಸೆಯಲ್ಲೇ ನಕ್ಕರು. ನನಗೆ ತಡವಾಗಿ ಹೊಳೆಯಿತು. ಇಬ್ಬರ ಸಿಮ್ಮೂ ಬೇರೆ ಬೇರೆ ಕಂಪನಿಯದು. ಅತ್ತೆಯ ಹತ್ತಿರ ಪಿನ್ ಇಸಕೊಂಡು ಸಿಮ್ ಅದಲುಬದಲು ಮಾಡಿದೆ. ಈಗ ನನ್ನ ತಗಡಿನ ಡಬ್ಬಿಯಲ್ಲಿ −93, ಮಾವನ ಪ್ಲಾಸ್ಟಿಕ್ಕಿನಲ್ಲಿ −103. ಮೂವತ್ತು ಹೆಜ್ಜೆ ಆಚೆ ಕೊಟ್ಟಿಗೆಯ ಹತ್ತಿರ ಹೋದರೆ ಎರಡೂ ಇನ್ನೂ ಆರೇಳು ಇಳಿದವು.

ಮಾವ ಒಪ್ಪಲಿಲ್ಲ. ಸಿಮ್ ವಾಪಸ್ ಹಾಕಿಸಿಕೊಂಡು, ಯಕ್ಷಗಾನದ ಪದ ಹಚ್ಚಿ, ಜೋರಾಗಿ ಕೇಳಲಿ ಅಂತ ಫೋನನ್ನು ಯಾವತ್ತಿನ ಹಾಗೆ ಸ್ಟೀಲ್ ಚೊಂಬಿನೊಳಗೆ ಇಳಿಬಿಟ್ಟರು. ಸಂಜೆ ಅಡಿಕೆ ಮಂಡಿಯವರು ಮನೆಗೇ ಬಂದು, "ಎಷ್ಟು ಸಲ ಫೋನ್ ಮಾಡುದು ಮಾರಾಯ್ರೆ, ನಾಟ್ ರೀಚೆಬಲ್ ಅಂತದೆ" ಅಂದರು.