ಸಂದರ್ಶಕರನ್ನು ಕಾರಿಡಾರಿನಲ್ಲಿ ಒಣಗಿಸಬಾರದು

ಶಿರಸಿಯ ಆ ಹಾಸ್ಟೆಲಿನ ನಿಯಮದ ಬೋರ್ಡಿನ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ, ನೀವು ನಕ್ಕೂ ಆಗಿರುತ್ತದೆ. ಹೆಸರು ಬೇಡ. ನಾನಂತೂ ಆಡಳಿತ ಮಂಡಳಿಯನ್ನು ಹೊಗಳೋಣ ಅಂತಲೇ ಕೂತಿದ್ದೇನೆ. ನಾಲ್ಕು ಪುಟದ ನಿಯಮಗಳ ಕೋಷ್ಟಕವನ್ನು ಯಾವ ಹುಡುಗನೂ ಓದುವುದಿಲ್ಲ, ಆದ್ದರಿಂದ ನಿಯಮಕ್ಕೊಂದು ಸಾಲು, ಸಾಲಿಗೆ ಐದೇ ಪದ ಅಂತ ಮೀಟಿಂಗಿನಲ್ಲಿ ಠರಾವಾಯಿತಂತೆ. ಒಳ್ಳೆಯದೇ ಅಲ್ವಾ? ಪದ ಉಳಿಸುವ ಭರದಲ್ಲಿ ಏನು ಮಾಡಿದರು ಅಂದರೆ, ಪದಗಳ ನಡುವಿನ ಜಾಗ ತೆಗೆದುಬಿಟ್ಟರು. 'ಅನುಮತಿಯಿಲ್ಲದೆಹೊರಹೋಗುವುದು ನಿಷಿದ್ಧ.' ಎರಡೇ ಪದ! ಇನ್ನೂ ಮೂರು ಉಳಿತಾಯ.

ಇದಕ್ಕಿಂತ ಚೆಂದದ್ದು ಏಳನೇ ಸಾಲು. ಮೂಲ ಕೋಷ್ಟಕದಲ್ಲಿ ತಂದೆ-ತಾಯಿ ಭೇಟಿಗೆ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5 ಅಂತಿದೆ. ಅದರ ಕೆಳಗೆ 'ಇತರ ಸಂದರ್ಶಕರು', ಸಮಯದ ಕಾಲಮ್ಮಿನಲ್ಲಿ 'ಮೇಲಿನಂತೆ'. ಕೋಷ್ಟಕದಲ್ಲಿ ಇದು ಸರಿ. ಬೋರ್ಡಿನಲ್ಲಿ ಸಾಲುಗಳ ಕ್ರಮ ಬದಲಾಯಿತು, 'ಮೇಲಿನಂತೆ' ಮಾತ್ರ ಹಾಗೇ ಇಳಿದು ಬಂತು. ಈಗ ಮೇಲಿನ ಸಾಲಿನಲ್ಲಿ 'ಒದ್ದೆ ಬಟ್ಟೆ ಕಾರಿಡಾರಿನಲ್ಲಿ ಒಣಗಿಸಬಾರದು' ಅಂತಿದೆ, ಕೆಳಗೆ 'ಇತರ ಸಂದರ್ಶಕರು: ಮೇಲಿನಂತೆ'. ಸಿದ್ದಾಪುರದಿಂದ ಬರುವ ಮಾವ ಹುಷಾರಾಗಿರಬೇಕು. ಅದಿರಲಿ, ಶಿರಸಿಯ ಆಷಾಢದ ಮಳೆಯಲ್ಲಿ ಬಟ್ಟೆಯನ್ನು ಕಾರಿಡಾರಿನಲ್ಲಿ ಒಣಗಿಸದೆ ಇನ್ನೆಲ್ಲಿ ಒಣಗಿಸುವುದು ಮಾರಾಯ್ರೆ? ನಮ್ಮ ಮನೆಯಲ್ಲೇ ಬನಿಯನ್ನು ಮೂರು ದಿನ ಹೊಗೆ ಕುಡಿದು ಅರ್ಧಂಬರ್ಧ ಒಣಗುತ್ತದೆ, ಹಾಕಿಕೊಂಡು ಪೇಟೆಗೆ ಹೋದರೆ ಬಚ್ಚಲೊಲೆಯೇ ಎದ್ದು ಬಂದ ಹಾಗೆ ವಾಸನೆ.

ನಗುವುದು ಇಲ್ಲಿಗೆ ಸಾಕು. ಗೇಟಿನ ಸಾಲು ನೋಡಿ.

ಕೋಷ್ಟಕದಲ್ಲಿ ಇದ್ದದ್ದು ಇಷ್ಟು: ಸೋಮವಾರದಿಂದ ಶನಿವಾರ ಗೇಟ್ ರಾತ್ರಿ 7.30ಕ್ಕೆ ಮುಚ್ಚುತ್ತದೆ, ಭಾನುವಾರ 8.30ಕ್ಕೆ. ಊರಿಂದ ಬರುವವರ ಬಸ್ಸು ತಡವಾದರೆ, ಮನೆಯವರು ವಾರ್ಡನ್‌ಗೆ ಫೋನ್ ಮಾಡಿದರೆ, 10ರ ತನಕ ಒಳಗೆ ಬಿಡಬೇಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಬೇರೆ ಸಮಯ. ಕಾರಣವಿಲ್ಲದೆ ತಡವಾದರೆ 50 ರೂಪಾಯಿ ದಂಡ. ಬೋರ್ಡಿಗೆ ಬಂದದ್ದು:

'ಗೇಟ್ ಬಂದ್ 7.30. ದಂಡ ₹50.'

ಸಿನಿಮಾ ಟಿಕೆಟ್ಟಿನ ದರ ಅಂದುಕೊಳ್ಳಬೇಕು. ಭಾನುವಾರ ಹೋಯಿತು, ಬಸ್ಸು ಹೋಯಿತು, ಜಾತ್ರೆ ಹೋಯಿತು, 'ಕಾರಣವಿಲ್ಲದೆ' ಅನ್ನುವುದೂ ಹೋಯಿತು. ಐವತ್ತು ರೂಪಾಯಿ ಮಾತ್ರ ಕೆಂಪಕ್ಷರದಲ್ಲಿ ದಪ್ಪಗೆ ಉಳಿಯಿತು. ಕುಮಟಾದಿಂದ ಬರುವ ಹುಡುಗನಿಗೆ ದೇವಿಮನೆ ಘಾಟಿನಲ್ಲಿ ಬಸ್ಸು ನಿಂತರೆ ಅವನೇನು ಇಳಿದು ತಳ್ಳಬೇಕಾ? ಹಾಗೆ ತಡವಾಗಿ ಬಂದ ಒಬ್ಬನಿಗೆ ವಾಚ್‌ಮನ್ 'ತಮಾ, ಬೋರ್ಡ್ ನೋಡು' ಅಂದನಂತೆ. ಅವನ ತಪ್ಪಲ್ಲ, ಅವನಿಗೆ ಕೊಟ್ಟಿದ್ದೂ ಅದೇ ಬೋರ್ಡು. ಹುಡುಗನ ಅಪ್ಪ ಫೋನೂ ಮಾಡಿದ್ದರಂತೆ.

ಇನ್ನೊಂದು. 'ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಿಗ್ಗೆ 5.30ರಿಂದ 7ರ ವರೆಗೆ ಬಿಸಿನೀರು ಕೊಡಬೇಕು' ಅನ್ನುವುದು ಹಾಸ್ಟೆಲ್ ಪಾಲಿಸಬೇಕಾದ ನಿಯಮ. ಬೋರ್ಡಿನಲ್ಲಿ ಅದು 'ಬಿಸಿನೀರು ಪೋಲು ಮಾಡಬೇಡಿ' ಆಗಿದೆ. ಕೊಡಬೇಕಾದವರು ಸದ್ದಿಲ್ಲದೆ ಜಾರಿಕೊಂಡರು, ಬೈಸಿಕೊಳ್ಳಲು ಹುಡುಗರು ಉಳಿದರು. ಚಿಕ್ಕದು ಮಾಡುವಾಗ ಪ್ರತಿಸಲ ಮಕ್ಕಳಿಗೆ ಅನುಕೂಲವಾದ ತುಂಡೇ ಯಾಕೆ ಕತ್ತರಿಸಿ ಬೀಳುತ್ತದೆ? ಇದನ್ನು ಕೇಳಿ ಕೇಳಿ ನನಗೂ ಸಾಕಾಗಿದೆ.

ಕೆಲಸ ಅಂಥ ಕಷ್ಟದ್ದೂ ಅಲ್ಲ. ಒಂದು ನಿಯಮಕ್ಕೆ ಒಂದೇ ಸಾಲು ಅಂತ ಹಟ ಬಿಟ್ಟು, ಒಂದು ಸಂದರ್ಭಕ್ಕೆ ಒಂದು ಸಾಲು ಬರೆದರೆ ಆಯಿತು:

'ಗೇಟ್ ಮುಚ್ಚುವುದು: ಸೋಮ–ಶನಿ 7.30, ಭಾನು 8.30.'
'ಬಸ್ ತಡವಾ? ಮನೆಯಿಂದ ವಾರ್ಡನ್‌ಗೆ ಫೋನ್ ಮಾಡಿಸಿ, 10ರ ತನಕ ಬನ್ನಿ.'

ಎರಡು ಸಾಲು, ಅಷ್ಟೇ. ಜಾತ್ರೆಯ ಸಮಯ ಜಾತ್ರೆ ಬಂದಾಗ ಅಂಟಿಸಿದರೆ ಸಾಕು. ದಂಡದ ಪಟ್ಟಿ ಕೆಳಗೆ ಬೇರೆ ಇರಲಿ, 'ಕಾರಣವಿಲ್ಲದೆ' ಅನ್ನುವುದನ್ನು ಬಿಡದೆ. 'ಮೇಲಿನಂತೆ' ಇದ್ದ ಕಡೆಯೆಲ್ಲ ಸಾಲು ಕತ್ತರಿಸುವ ಮೊದಲೇ ಪೂರ್ತಿ ಸಮಯ ತುಂಬಬೇಕು. ಆಮೇಲೆ ಕೋಷ್ಟಕ ನೋಡದ ಹೊಸ ಹುಡುಗನೊಬ್ಬನನ್ನು ಬೋರ್ಡಿನ ಮುಂದೆ ನಿಲ್ಲಿಸಿ, 'ಇವತ್ತು ಭಾನುವಾರ, ನಿನ್ನ ಬಸ್ಸು ಒಂಬತ್ತಕ್ಕೆ ಬರುತ್ತದೆ, ಏನು ಮಾಡ್ತೀಯಾ?' ಅಂತ ಕೇಳಿ. ಅವನು ತಡವರಿಸಿದರೆ ಸಾಲು ಕೆಟ್ಟಿದೆ ಅಂತ ಅರ್ಥ. ಮೂಲ ಕೋಷ್ಟಕವನ್ನೂ ಪಕ್ಕದಲ್ಲೇ ನೇತುಹಾಕಿ, ಜಗಳ ಬಂದಾಗ ಬೇಕಾಗುತ್ತದೆ.

ಜಾಗ ಎಲ್ಲಿದೆ ಅಂತೀರಾ? ಬೋರ್ಡಿನ ಮೂರನೇ ಒಂದು ಭಾಗ ಅಧ್ಯಕ್ಷರ ನಗುಮುಖ ಇದೆಯಲ್ಲ, ಅಲ್ಲಿ. ಅದೂ ಫ್ಲೆಕ್ಸು. ರಾಜ್ಯದಲ್ಲಿ ಫ್ಲೆಕ್ಸಿಗೆ 2016ರಲ್ಲೇ ನಿಷೇಧ ಬಂದಿದೆ, ಆ ನಿಯಮವನ್ನು ಐದು ಪದದಲ್ಲಿ ಇವರಿಗೆ ಯಾರೂ ಬರೆದುಕೊಟ್ಟಿಲ್ಲ. ತಿದ್ದಿ ಅಂತ ಕೇಳಿದವರಿಗೆ ಸಿಕ್ಕ ಉತ್ತರ: ಬಿಲ್ ಪಾಸಾಗಿದೆ, ಇದು ಹರಿಯುವ ತನಕ ಹೊಸದು ಮಾಡಿಸುವಂತಿಲ್ಲ.